ಲಾಭ 16 ಲಕ್ಷ, ಬ್ಯಾಂಕಿನಲ್ಲಿ 1 ಲಕ್ಷ: ತಾಳೆಯಾಗದ ಕ್ಯಾಶ್ ಫ್ಲೋ

ಪ್ರಶ್ನೆ: ಸರ್, ತುಮಕೂರಿನ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಬ್ಯಾಂಕಿನವರು ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಕೇಳಿದ್ದಾರೆ. ಎರಡು ವರ್ಷದ ಬ್ಯಾಲೆನ್ಸ್ ಶೀಟ್, ಈ ವರ್ಷದ ಪಿ ಅಂಡ್ ಎಲ್ ಇಟ್ಕೊಂಡು ಇಂಡೈರೆಕ್ಟ್ ವಿಧಾನದಲ್ಲಿ ಮಾಡಿದೆ. ನನ್ನ ಪಟ್ಟಿ ಪ್ರಕಾರ ನಗದು 5 ಲಕ್ಷ ಹೆಚ್ಚಾಗಬೇಕು, ನಿಜಕ್ಕೆ 5 ಲಕ್ಷ ಕಡಿಮೆಯಾಗಿದೆ. ಹಳೇ ಮಷೀನ್ ಒಂದನ್ನ 6 ಲಕ್ಷಕ್ಕೆ ಮಾರಿದ್ದೀವಿ, ಅದನ್ನೂ ಸೇರಿಸಿದ್ದೀನಿ. ಎಲ್ಲಿ ತಪ್ಪಿದ್ದೀನಿ?

ಉತ್ತರ: ವ್ಯತ್ಯಾಸ ಸರಿಯಾಗಿ 10 ಲಕ್ಷ. ಇಂಥ ದುಂಡು ಸಂಖ್ಯೆ ಕಂಡ ಕೂಡಲೇ ಹಳೇ ಅಕೌಂಟೆಂಟರು ಅದನ್ನು ಅರ್ಧ ಮಾಡಿ ನೋಡುತ್ತಾರೆ. ಕಳೆಯಬೇಕಾದ 5 ಲಕ್ಷವನ್ನು ಕೂಡಿಸಿಬಿಟ್ಟರೆ ವ್ಯತ್ಯಾಸ 10 ಬರುತ್ತದಲ್ಲ, ಅದಕ್ಕೆ. ನಿಮ್ಮ ಲೆಕ್ಕದಲ್ಲೂ 5 ಲಕ್ಷಗಳು ಬೇಕಾದಷ್ಟಿವೆ: ಹೊಸ ಷೇರು ಬಂಡವಾಳ 5, ತೆರಿಗೆ 5. ನಾನೂ ಮೊದಲು ಅಲ್ಲೇ ಹುಡುಕಿದೆ. ಅಲ್ಲಿ ಏನೂ ಸಿಗಲಿಲ್ಲ. ತಪ್ಪು ಇರೋದು ಆ ಮಷೀನಿನಲ್ಲೇ. ಮಾರಿದ್ದನ್ನು ಸೇರಿಸಿದ್ದೀರಿ, ಸರಿ. ಆದರೆ ಮಾರಿದ್ದರಿಂದ ಕೊಂಡಿದ್ದರ ಲೆಕ್ಕ ಕೆಟ್ಟಿದ್ದನ್ನು ನೋಡಿಲ್ಲ.

ನೀವು ಕಳಿಸಿದ ಎರಡು ಶೀಟುಗಳನ್ನು ಪಕ್ಕಪಕ್ಕ ಇಟ್ಟಿದ್ದೇನೆ, ಎಲ್ಲವೂ ಲಕ್ಷ ರೂಪಾಯಿಗಳಲ್ಲಿ:

| | 31-3-2024 | 31-3-2025 | ಬದಲಾವಣೆ |
|---|---|---|---|
| ನಗದು ಮತ್ತು ಬ್ಯಾಂಕ್ | 6 | 1 | −5 |
| ಡೆಟರ್ಸ್ | 30 | 42 | +12 |
| ಸ್ಟಾಕ್ | 25 | 21 | −4 |
| ಮಷೀನರಿ, ಕೊಂಡ ಬೆಲೆಯಲ್ಲಿ | 80 | 98 | +18 |
| ಕಳೆಯಿರಿ: ಒಟ್ಟು ಸವಕಳಿ | 24 | 28 | +4 |
| ಆಸ್ತಿ ಒಟ್ಟು | 117 | 134 | +17 |
| ಷೇರು ಬಂಡವಾಳ | 40 | 45 | +5 |
| ಉಳಿಸಿಕೊಂಡ ಲಾಭ | 27 | 39 | +12 |
| ಟರ್ಮ್ ಲೋನ್ | 28 | 24 | −4 |
| ಕ್ರೆಡಿಟರ್ಸ್ | 20 | 23 | +3 |
| ತೆರಿಗೆ ಪ್ರಾವಿಷನ್ | 2 | 3 | +1 |
| ಹೊಣೆ ಒಟ್ಟು | 117 | 134 | +17 |

ಪಿ ಅಂಡ್ ಎಲ್ ಹೀಗಿದೆ: ಮಾರಾಟ 200, ಮಾರಿದ ಸರಕಿನ ವೆಚ್ಚ 130, ಸಂಬಳ ಮತ್ತಿತರ ಖರ್ಚು 38, ಸವಕಳಿ 9, ಬಡ್ಡಿ 3, ಮಷೀನ್ ಮಾರಿದ ಲಾಭ 1. ತೆರಿಗೆಗೆ ಮುಂಚಿನ ಲಾಭ 21. ತೆರಿಗೆ 5 ಹೋಗಿ ಉಳಿದದ್ದು 16.

ಯಾವ ಶೀರ್ಷಿಕೆಯನ್ನೂ ಬರೆಯುವ ಮುಂಚೆ ಒಂದು ಸಣ್ಣ ಕೂಡು-ಕಳೆ ಮಾಡಿಕೊಳ್ಳಿ. ಹೊಣೆ ಕಡೆ ಒಟ್ಟು 17 ಹೆಚ್ಚಾಗಿದೆ. ಆಸ್ತಿ ಕಡೆ ನಗದು ಬಿಟ್ಟು ಉಳಿದದ್ದು 111ರಿಂದ 133ಕ್ಕೆ ಹೋಗಿದೆ, ಅಂದರೆ 22 ಹೆಚ್ಚು. 17 ಬಂತು, 22 ಹೋಯಿತು, ನಗದು 5 ಇಳಿಯಿತು. ಬ್ಯಾಲೆನ್ಸ್ ಶೀಟ್ ತಾಳೆಯಾಗಿದ್ದರೆ ಈ ಲೆಕ್ಕ ತಪ್ಪಲು ಸಾಧ್ಯವೇ ಇಲ್ಲ. ಕ್ಯಾಶ್ ಫ್ಲೋ ಅಂದರೆ ಇದೇ 17 ಮತ್ತು 22ನ್ನು ಬಿಡಿಸಿ, ವ್ಯವಹಾರ, ಹೂಡಿಕೆ, ಹಣಕಾಸು ಅನ್ನೋ ಮೂರು ಗುಂಪುಗಳಲ್ಲಿ ಸರಿಯಾಗಿ ಹಾಕುವುದು. ಹಾಗಾಗಿ ನಿಮ್ಮ ಪಟ್ಟಿ ತಾಳೆಯಾಗಲಿಲ್ಲ ಅಂದರೆ, ಕೊನೆಯ ಕಾಲಂನಲ್ಲಿರುವ ಯಾವುದೋ ಬದಲಾವಣೆಯನ್ನು ನೀವು ಪೂರ್ತಿ ವಿವರಿಸಿಲ್ಲ ಅಂತಲೇ ಅರ್ಥ. ಪ್ರತಿ ಸಾಲಿನ ಮುಂದೆ ಪೆನ್ಸಿಲ್‌ನಲ್ಲಿ ಟಿಕ್ ಹಾಕುತ್ತಾ ಹೋಗಿ. ಟಿಕ್ ಬೀಳದ ಸಾಲೇ ಕಳ್ಳ.

ಈಗ ಮಷೀನರಿ ಸಾಲು. 80 ಇದ್ದದ್ದು 98 ಆಗಿದೆ, ಹಾಗಾಗಿ 18 ಲಕ್ಷಕ್ಕೆ ಕೊಂಡಿದ್ದೇವೆ ಅಂತ ನೀವು ಬರೆದಿದ್ದೀರಿ. ಆದರೆ ಮಾರಿದ ಮಷೀನ್ ಪುಸ್ತಕದಿಂದ ಹೊರಗೆ ಹೋಗುವಾಗ ತನ್ನ ಕೊಂಡ ಬೆಲೆಯನ್ನೂ ಎತ್ತಿಕೊಂಡು ಹೋಗುತ್ತದೆ. ನಿಮ್ಮ ಫಿಕ್ಸೆಡ್ ಅಸೆಟ್ ರಿಜಿಸ್ಟರ್ ಪ್ರಕಾರ ಅದರ ಮೂಲ ಬೆಲೆ 10. 80ರಲ್ಲಿ 10 ಹೋದರೆ 70. ಅದು 98 ಆಗಬೇಕಾದರೆ ಈ ವರ್ಷ 28 ಲಕ್ಷದ್ದು ಕೊಂಡಿರಬೇಕು, 18ರದ್ದಲ್ಲ. ಬಿಟ್ಟುಹೋದ 10 ಇದೇ.

ರಿಜಿಸ್ಟರ್ ಇಲ್ಲದಿದ್ದರೆ, ಪರೀಕ್ಷೆಯಲ್ಲಿ ಬರುವ ಲೆಕ್ಕಗಳಲ್ಲಿ ಇರುವುದೇ ಇಲ್ಲ, ಆಗ ಸವಕಳಿ ಖಾತೆಯಿಂದ ಹಿಂದಕ್ಕೆ ಹೋಗಬೇಕು. ಒಟ್ಟು ಸವಕಳಿ 24 ಇತ್ತು, ಈ ವರ್ಷದ್ದು 9 ಸೇರಿದರೆ 33 ಆಗಬೇಕಿತ್ತು. ಆದರೆ ಶೀಟಿನಲ್ಲಿರುವುದು 28. ಆ 5 ಎಲ್ಲಿ ಹೋಯಿತು? ಮಾರಿದ ಮಷೀನಿನ ಜೊತೆ ಹೋಯಿತು. ಇನ್ನು ಮಾರಿದ್ದು 6ಕ್ಕೆ, ಲಾಭ 1, ಅಂದರೆ ಮಾರುವ ಹೊತ್ತಿಗೆ ಪುಸ್ತಕದಲ್ಲಿದ್ದ ಬೆಲೆ 5. ಉಳಿದ ಬೆಲೆ 5, ಸವೆದದ್ದು 5, ಸೇರಿಸಿದರೆ ಮೂಲ ಬೆಲೆ 10. ನೋಡಿ, ರಿಜಿಸ್ಟರ್ ಹೇಳಿದ್ದನ್ನೇ ಎರಡು ಬ್ಯಾಲೆನ್ಸ್ ಶೀಟು ಮತ್ತು ಪಿ ಅಂಡ್ ಎಲ್ ಸೇರಿ ಹೇಳಿಬಿಟ್ಟವು. ಮಷೀನರಿಗೆ ಒಂದು ಖಾತೆ, ಸವಕಳಿಗೆ ಒಂದು ಖಾತೆ, ಎರಡನ್ನೂ ಕಾಗದದ ಮೇಲೆ ಬರೆದುಕೊಳ್ಳದೆ ಈ ಲೆಕ್ಕಕ್ಕೆ ಕೈ ಹಾಕಬೇಡಿ. ಇಪ್ಪತ್ತು ವರ್ಷ ಆದ ಮೇಲೂ ನಾನು ಬರೆದುಕೊಳ್ಳುತ್ತೇನೆ.

ಇದೇ ಜಾಗದಲ್ಲಿ ಇನ್ನೊಂದು ತಪ್ಪೂ ಆಗುತ್ತದೆ. ಕೆಲವರು ಸವಕಳಿ ಕಳೆದ ನಿವ್ವಳ ಬೆಲೆ ಹಿಡಿಯುತ್ತಾರೆ, 56ರಿಂದ 70, ಹಾಗಾಗಿ ಖರೀದಿ 14 ಅಂತ. ಆಗ ವ್ಯತ್ಯಾಸ 10 ಬದಲು 14 ಬರುತ್ತದೆ: ವರ್ಷದ ಸವಕಳಿ 9, ಮಾರಿದ್ದರ ಪುಸ್ತಕ ಬೆಲೆ 5. ಅಂದರೆ ವ್ಯತ್ಯಾಸದ ಮೊತ್ತವೇ ತಪ್ಪು ಯಾವುದು ಅಂತ ಹೇಳುತ್ತದೆ. ಅದನ್ನು "ಇತರೆ ಹೊಂದಾಣಿಕೆ" ಅಂತ ಒಂದು ಸಾಲಿನಲ್ಲಿ ಮುಚ್ಚಿಹಾಕುವವರನ್ನು ನೋಡಿದ್ದೇನೆ, ದಯವಿಟ್ಟು ಆ ಕೆಲಸ ಮಾಡಬೇಡಿ. ಬ್ಯಾಂಕಿನವರ ಕಣ್ಣು ಮೊದಲು ಹೋಗೋದೇ ಆ ಸಾಲಿಗೆ.

ಇನ್ನು ಮೊದಲಿಂದ ಕಟ್ಟೋಣ. ನಮ್ಮ ಎಎಸ್ 3ರ ಮಾದರಿಯಲ್ಲಿ ತೆರಿಗೆಗೆ ಮುಂಚಿನ ಲಾಭದಿಂದ ಶುರು, ಅಂದರೆ 21ರಿಂದ. 16ರಿಂದ ಶುರು ಮಾಡಿದರೂ ಲೋಕ ಮುಳುಗುವುದಿಲ್ಲ, ಆದರೆ ಆಗ ತೆರಿಗೆ 5ನ್ನು ಮೊದಲು ಮರಳಿ ಕೂಡಿಸಿಕೊಳ್ಳಬೇಕು, ಯಾಕೆಂದರೆ ಕೊನೆಯಲ್ಲಿ ನಿಜವಾಗಿ ಕಟ್ಟಿದ ತೆರಿಗೆಯನ್ನು ಬೇರೆಯಾಗಿ ತೋರಿಸುತ್ತೇವೆ. ಎರಡನ್ನೂ ಬೆರೆಸಿ, 16ರಿಂದ ಶುರು ಮಾಡಿ ಕೊನೆಯಲ್ಲಿ ತೆರಿಗೆಯನ್ನೂ ಕಳೆದರೆ ಒಂದೇ ತೆರಿಗೆ ಎರಡು ಸಲ ಹೋಗುತ್ತದೆ.

21ಕ್ಕೆ ಸವಕಳಿ 9 ಕೂಡಿಸಿ. ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ, ಯಾಕೆಂದರೆ "ಸವಕಳಿಯಿಂದ ದುಡ್ಡು ಬರುತ್ತೆ" ಅನ್ನೋ ಮಾತು ಎಲ್ಲಾ ಕಡೆ ಕೇಳಿಬರುತ್ತದೆ. ಬರುವುದಿಲ್ಲ. ನೀವು ಈ ವರ್ಷ 9ರ ಬದಲು 19 ಸವಕಳಿ ಬರೆದಿದ್ದೀರಿ ಅಂದುಕೊಳ್ಳಿ. ಲಾಭ 21ರಿಂದ 11ಕ್ಕೆ ಇಳಿಯುತ್ತದೆ. 11ಕ್ಕೆ 19 ಕೂಡಿಸಿದರೆ 30. ಮೊದಲು 21ಕ್ಕೆ 9 ಕೂಡಿಸಿದಾಗಲೂ 30. ಲಾಭ ಲೆಕ್ಕ ಹಾಕುವಾಗ ದುಡ್ಡು ಹೋಗದೆ ಕಳೆದದ್ದನ್ನು ಈಗ ವಾಪಸ್ ಇಡುತ್ತಿದ್ದೇವೆ, ಅಷ್ಟೇ.

ಬಡ್ಡಿ 3 ಕೂಡಿಸಿ. ದುಡ್ಡು ನಿಜವಾಗಿಯೂ ಹೋಗಿದೆ, ಆದರೆ ಅದು ಸಾಲದ ಕಡೆಯ ಮಾತು, ಕೆಳಗೆ ಹಣಕಾಸಿನ ಗುಂಪಿನಲ್ಲಿ ಮತ್ತೆ ಬರುತ್ತದೆ. ಮಷೀನ್ ಮಾರಿದ ಲಾಭ 1ನ್ನು ಕಳೆಯಿರಿ. ಬಂದ ಪೂರ್ತಿ 6 ಲಕ್ಷವನ್ನು ಹೂಡಿಕೆ ಗುಂಪಿನಲ್ಲಿ ತೋರಿಸುತ್ತೇವೆ. ಆ ಲಾಭ 6ರ ಒಳಗೇ ಇದೆ, ಇಲ್ಲೂ ಬಿಟ್ಟರೆ ಎರಡು ಸಲ ಎಣಿಸಿದ ಹಾಗೆ. ನಷ್ಟಕ್ಕೆ ಮಾರಿದ್ದರೆ ಉಲ್ಟಾ, ಕೂಡಿಸುತ್ತಿದ್ದಿರಿ. 21, 9, 3, ಅದರಲ್ಲಿ 1 ಹೋಗಿ 32.

ಈಗ ಡೆಟರ್ಸ್, ಸ್ಟಾಕ್, ಕ್ರೆಡಿಟರ್ಸ್. "ಆಸ್ತಿ ಹೆಚ್ಚಾದರೆ ಕಳೆ, ಹೊಣೆ ಹೆಚ್ಚಾದರೆ ಕೂಡಿಸು" ಅಂತ ಬಾಯಿಪಾಠ ಮಾಡಿಸುತ್ತಾರೆ. ಸೂತ್ರ ಸರಿ, ಆದರೆ ಸುಸ್ತಾದ ರಾತ್ರಿ ಅದು ತಲೆಯಲ್ಲಿ ಉಲ್ಟಾ ಆಗುತ್ತದೆ. ಅದರ ಬದಲು ಏನಾಯಿತು ಅಂತ ಯೋಚಿಸಿ. ಮಾರಾಟ 200, ಆದರೆ ಗಿರಾಕಿಗಳ ಬಾಕಿ 12 ಹೆಚ್ಚಾಗಿದೆ. ಹಾಗಾದರೆ ಕೈಗೆ ಬಂದದ್ದು 188. ಲಾಭದಲ್ಲಿ 200 ಸೇರಿದೆ, ಹಾಗಾಗಿ 12 ಕಳೆಯಬೇಕು. ಮಾರಿದ ಸರಕಿನ ವೆಚ್ಚ 130, ಆದರೆ ಅದರಲ್ಲಿ 4 ಹಳೇ ಸ್ಟಾಕಿನಿಂದಲೇ ಹೋಯಿತು. ಈ ವರ್ಷ ಕೊಂಡದ್ದು 126, ಹಾಗಾಗಿ 4 ಕೂಡಿಸಿ. ಆ 126ರಲ್ಲೂ ಕ್ರೆಡಿಟರ್ಸ್‌ಗೆ 3 ಬಾಕಿ ಇಟ್ಟುಕೊಂಡಿದ್ದೀರಿ, ನಿಜಕ್ಕೂ ಕೊಟ್ಟದ್ದು 123. ಹಾಗಾಗಿ 3 ಕೂಡಿಸಿ. 32ರಲ್ಲಿ 12 ಹೋಗಿ, 4 ಮತ್ತು 3 ಸೇರಿ 27.

ಈಗ ಒಂದು ಮಜಾ ನೋಡಿ. ಗಿರಾಕಿಗಳಿಂದ ಬಂದದ್ದು 188, ಸರಕಿಗೆ ಕೊಟ್ಟದ್ದು 123, ಸಂಬಳ ಇತ್ಯಾದಿ 38. ಕಳೆದು ನೋಡಿ: 27. ಇದೇ ಡೈರೆಕ್ಟ್ ವಿಧಾನ. ಸಣ್ಣ ಕಂಪನಿಯ ಲೆಕ್ಕದಲ್ಲಿ ಇದನ್ನು ಮಾಡಲು ಎರಡು ನಿಮಿಷ ಸಾಕು. ಎರಡೂ ದಾರಿ ಒಂದೇ ಊರಿಗೆ ಬಂದರೆ ಮೇಲಿನ ಕೂಡು-ಕಳೆ ಚಿಹ್ನೆಗಳು ಸರಿ ಇವೆ ಅಂತ ಧೈರ್ಯವಾಗಿ ಮುಂದೆ ಹೋಗಬಹುದು.

ತೆರಿಗೆ: ಹೋದ ವರ್ಷದ ಪ್ರಾವಿಷನ್ 2, ಈ ವರ್ಷದ ಖರ್ಚು 5, ಸೇರಿ 7. ವರ್ಷದ ಕೊನೆಗೆ 3 ಉಳಿದಿದೆ, ಅಂದರೆ ಕಟ್ಟಿದ್ದು 4. ಪಿ ಅಂಡ್ ಎಲ್‌ನ 5ನ್ನು ಹಾಗೇ ಎತ್ತಿ ಹಾಕಬೇಡಿ. 27ರಲ್ಲಿ 4 ಹೋಗಿ ವ್ಯವಹಾರದಿಂದ ಬಂದ ನಗದು 23.

ಹೂಡಿಕೆ ಗುಂಪು ಆಗಲೇ ಗೊತ್ತಾಗಿದೆ: ಖರೀದಿಗೆ 28 ಹೋಯಿತು, ಮಾರಾಟದಿಂದ 6 ಬಂತು, ನಿವ್ವಳ 22 ಹೊರಗೆ. 28 ಮತ್ತು 6ನ್ನು ಬೇರೆಬೇರೆ ಸಾಲಿನಲ್ಲೇ ತೋರಿಸಿ.

ಹಣಕಾಸಿನ ಗುಂಪಿನಲ್ಲಿ ಷೇರಿನಿಂದ 5 ಒಳಗೆ, ಲೋನ್ ಕಂತು 4 ಹೊರಗೆ, ಬಡ್ಡಿ 3 ಹೊರಗೆ. ಇನ್ನೊಂದು ಇದೆ, ನೀವು ಪ್ರಶ್ನೆಯಲ್ಲಿ ಹೇಳದೇ ಇದ್ದದ್ದು. ಉಳಿಸಿಕೊಂಡ ಲಾಭ 27, ಈ ವರ್ಷದ್ದು 16 ಸೇರಿದರೆ 43. ಆದರೆ ಶೀಟಿನಲ್ಲಿ 39. ಉಳಿದ 4 ಡಿವಿಡೆಂಡ್ ಹೋಗಿರಬೇಕು, ಮತ್ತು ನಿಮ್ಮ ಪಟ್ಟಿಯಲ್ಲಿ ಅದು ಇದೆ, ನೋಡಿದೆ. ಒಟ್ಟು 6 ಹೊರಗೆ.

| | ಲಕ್ಷ ರೂ. |
|---|---|
| ವ್ಯವಹಾರದಿಂದ | +23 |
| ಹೂಡಿಕೆಯಿಂದ | −22 |
| ಹಣಕಾಸಿನಿಂದ | −6 |
| ನಗದಿನಲ್ಲಿ ಬದಲಾವಣೆ | −5 |
| ವರ್ಷದ ಶುರುವಿನಲ್ಲಿ | 6 |
| ವರ್ಷದ ಕೊನೆಗೆ | 1 |

16 ಲಕ್ಷ ಲಾಭ ಎಲ್ಲಿ ಹೋಯಿತು ಅಂತ ಮಾಲೀಕರು ಕೇಳಿದರೆ ಇದನ್ನೇ ತೋರಿಸಿ. ವ್ಯವಹಾರದಿಂದ 23 ಬಂದದ್ದು ಹೆಚ್ಚೂಕಡಿಮೆ ಪೂರ್ತಿ ಮಷೀನಿಗೆ ಹೋಯಿತು. ಗಿರಾಕಿಗಳ ಹತ್ತಿರ ಸಿಕ್ಕಿಕೊಂಡ 12 ಸ್ವಲ್ಪ ಬೇಗ ಬಂದಿದ್ದರೂ ಬ್ಯಾಂಕಿನಲ್ಲಿ ಇಷ್ಟು ಬರಿದಾಗುತ್ತಿರಲಿಲ್ಲ.

ಬಡ್ಡಿಯ ಬಗ್ಗೆ ಒಂದು ಮಾತು, ಯಾಕೆಂದರೆ ಇಂಟರ್ನೆಟ್ಟಿನಲ್ಲಿ ಸಿಗುವ ವಿಡಿಯೋಗಳಲ್ಲಿ ಜಾಸ್ತಿ ಅಮೆರಿಕದವು. ಅಲ್ಲಿನ ನಿಯಮದಲ್ಲಿ ತೆರಿಗೆ ನಂತರದ ಲಾಭದಿಂದ ಶುರು ಮಾಡುತ್ತಾರೆ, ಕಟ್ಟಿದ ಬಡ್ಡಿ ವ್ಯವಹಾರದ ಗುಂಪಿನಲ್ಲೇ ಉಳಿಯುತ್ತದೆ. ಅವರ ರೀತಿ ಹೋದರೆ ನಿಮ್ಮ ವ್ಯವಹಾರದ ನಗದು 23 ಅಲ್ಲ, 20. ಹಣಕಾಸಿನದು −6 ಅಲ್ಲ, −3. ಕೊನೆಯ −5 ಹಾಗೇ. ನಮ್ಮ ಎಎಸ್ 3ರಲ್ಲಿ ಬ್ಯಾಂಕು, ಫೈನಾನ್ಸ್ ಕಂಪನಿಗಳನ್ನು ಬಿಟ್ಟು ಉಳಿದವರು ಕಟ್ಟಿದ ಬಡ್ಡಿಯನ್ನು ಹಣಕಾಸಿನಲ್ಲಿ, ಬಂದ ಬಡ್ಡಿಯನ್ನು ಹೂಡಿಕೆಯಲ್ಲಿ ತೋರಿಸಬೇಕು. ಎರಡೂ ಪದ್ಧತಿಯನ್ನು ಅರ್ಧರ್ಧ ಬೆರೆಸಿದವರ ಲೆಕ್ಕದಲ್ಲಿ ವ್ಯತ್ಯಾಸ ಸರಿಯಾಗಿ ಬಡ್ಡಿಯಷ್ಟೇ ಬರುತ್ತದೆ. ಅಂದಹಾಗೆ 2013ರ ಕಂಪನಿ ಕಾಯ್ದೆಯಲ್ಲಿ ಸಣ್ಣ ಕಂಪನಿಗಳಿಗೆ ಈ ಸ್ಟೇಟ್‌ಮೆಂಟ್ ಕಡ್ಡಾಯ ಅಲ್ಲ. ಆದರೆ ಸಾಲ ಕೊಟ್ಟವರು ಕೇಳಿದರೆ ಕೊಡಲೇಬೇಕಲ್ವಾ.

ತಾಳೆಯಾಯಿತು, ಇನ್ನು ಕಳಿಸಿಬಿಡುತ್ತೇನೆ ಅನ್ನಬೇಡಿ. ತಾಳೆಯಾಗುವುದು ಬರೀ ಕೂಡು-ಕಳೆಯ ಗುಣ ಅಂತ ಮೇಲೆ ನೋಡಿದೆವಲ್ಲ. ಗುಂಪು ತಪ್ಪಿದ್ದರೂ ಮೊತ್ತ ತಾಳೆಯಾಗುತ್ತದೆ. ನಾನು ಆರ್ಟಿಕಲ್‌ಶಿಪ್ ಮಾಡುವಾಗ ಒಂದು ಕಂಪನಿಯ ಪಟ್ಟಿಯನ್ನು ಒಂದು ರೂಪಾಯಿ ವ್ಯತ್ಯಾಸ ಇಲ್ಲದೆ ತಾಳೆ ಮಾಡಿ, ಬೀಗುತ್ತಾ ತೆಗೆದುಕೊಂಡು ಹೋಗಿದ್ದೆ. ನಮ್ಮ ಸೀನಿಯರ್ ಕೇಳಿದ್ದು ಒಂದೇ ಪ್ರಶ್ನೆ: ಈ ಕ್ರೆಡಿಟರ್ಸ್‌ನಲ್ಲಿ ಮಷೀನ್ ಸಪ್ಲೈಯರ್ ಇದ್ದಾನಾ? ಇದ್ದ. ವಾಪಸ್ ಬಂದು ಪೂರ್ತಿ ಮತ್ತೆ ಬರೆದೆ.

ನಿಮ್ಮಲ್ಲೂ ಅದೇ ಅನುಮಾನ ನನಗಿದೆ. ಹೊಸ ಮಷೀನ್ ಮಾರ್ಚ್‌ನಲ್ಲಿ ಬಂದಿದೆ ಅಂತ ಬರೆದಿದ್ದೀರಿ, ಕ್ರೆಡಿಟರ್ಸ್ ಸರಿಯಾಗಿ 3 ಲಕ್ಷ ಹೆಚ್ಚಾಗಿದೆ. ಆ 3 ಲಕ್ಷ ಮಷೀನ್ ಸಪ್ಲೈಯರಿಗೆ ಕೊಡಬೇಕಾದ ಕೊನೆಯ ಕಂತಾಗಿದ್ದರೆ, ಅದಕ್ಕೂ ಸರಕಿಗೂ ಸಂಬಂಧವಿಲ್ಲ. ಸರಕಿನ ಕ್ರೆಡಿಟರ್ಸ್ 20 ಇದ್ದದ್ದು 20ರಲ್ಲೇ ಇದೆ, ಮಷೀನಿಗೆ ಈ ವರ್ಷ ನಿಜವಾಗಿ ಹೋದದ್ದು 25. ಆಗ ವ್ಯವಹಾರದ ನಗದು 23ರಿಂದ 20ಕ್ಕೆ ಇಳಿಯುತ್ತದೆ, ಹೂಡಿಕೆ −22 ಬದಲು −19 ಆಗುತ್ತದೆ. ಕೊನೆಯ −5 ಅಲುಗಾಡುವುದಿಲ್ಲ, ಹಾಗಾಗಿ ಯಾವ ಎಚ್ಚರಿಕೆಯ ಗಂಟೆಯೂ ಹೊಡೆಯುವುದಿಲ್ಲ. ಆದರೆ ಬ್ಯಾಂಕಿನವರು ಕಂತು ಕಟ್ಟುವ ಶಕ್ತಿ ಅಳೆಯುವುದು ಮುಖ್ಯವಾಗಿ ವ್ಯವಹಾರದ ಆ ಒಂದು ಸಂಖ್ಯೆಯಿಂದ.

ಟರ್ಮ್ ಲೋನ್‌ನಲ್ಲೂ ಇದೇ ಥರ. 28 ಇದ್ದದ್ದು 24 ಆಗಿದೆ, ಸರಿ. ಆದರೆ ವರ್ಷದ ನಡುವೆ 6 ಹೊಸ ಸಾಲ ತೆಗೆದು 10 ಕಟ್ಟಿದ್ದರೂ 24 ಬರುತ್ತದೆ. ಆಗ 6 ಒಂದು ಸಾಲು, 10 ಒಂದು ಸಾಲು, ಎರಡನ್ನೂ ತೋರಿಸಬೇಕು. ಎರಡು ಬ್ಯಾಲೆನ್ಸ್ ಶೀಟುಗಳು ಇದನ್ನು ಯಾವತ್ತೂ ಹೇಳುವುದಿಲ್ಲ, ಅವು ಮಾರ್ಚ್ 31ರ ಎರಡು ಫೋಟೋಗಳು ಅಷ್ಟೇ. ಲೋನ್ ಸ್ಟೇಟ್‌ಮೆಂಟ್ ತೆಗೆದು ನೋಡಿ. ಹಾಗೇ ನಗದು ಮತ್ತು ಬ್ಯಾಂಕ್ ಅಂತ ತೋರಿಸಿದ 6 ಮತ್ತು 1ರಲ್ಲಿ ಎಫ್‌ಡಿ ಏನಾದರೂ ಸೇರಿದೆಯಾ ಅಂತಲೂ ನೋಡಿ. ಇಟ್ಟ ದಿನದಿಂದ ಮೂರು ತಿಂಗಳೊಳಗೆ ಕೈಗೆ ಬರುವ ಎಫ್‌ಡಿಯನ್ನು ನಗದಿನ ಜೊತೆ ಸೇರಿಸಬಹುದು. ಒಂದು ವರ್ಷದ್ದಾದರೆ ಅದು ನಗದಲ್ಲ, ಹೂಡಿಕೆ ಗುಂಪಿಗೆ ಹೋಗಬೇಕು.

ಹಾಗಾಗಿ ಇವತ್ತು ಮಾಡಬೇಕಾದ್ದು: ಖರೀದಿ 18ನ್ನು 28 ಮಾಡಿ, ಪಟ್ಟಿ ತಾಳೆಯಾಗುತ್ತದೆ. ಆಮೇಲೆ ಮಷೀನ್ ಸಪ್ಲೈಯರ್ ಲೆಡ್ಜರ್ ತೆರೆದು ಮಾರ್ಚ್ 31ಕ್ಕೆ ಎಷ್ಟು ಬಾಕಿ ಇತ್ತು ಅಂತ ನೋಡಿ. 3 ಇದ್ದರೆ ಮೇಲೆ ಹೇಳಿದ ಹಾಗೆ 23ನ್ನು 20, −22ನ್ನು −19 ಮಾಡಿ, ಆಮೇಲೆ ಬ್ಯಾಂಕಿಗೆ ಕಳಿಸಿ. ಬೇರೆ ಏನಾದರೂ ಮೊತ್ತ ಇದ್ದರೆ ಲೆಡ್ಜರ್ ಪ್ರತಿ ನನಗೆ ಹಾಕಿ, ನೋಡ್ತೀನಿ.